ಒಂದೇ ಶೀಟಿನಲ್ಲಿ ಎಲ್ಲರೂ ಅಂಕ ತುಂಬುವಾಗ: ಸಾಲು ತಪ್ಪದಂತೆ ನೋಡಿಕೊಳ್ಳುವುದು ಹೇಗೆ?

ಎಲ್ಲ ವಿಷಯ ಶಿಕ್ಷಕರಿಗೆ ನಮಸ್ಕಾರ.

ಒಂಬತ್ತನೇ ತರಗತಿಯ ಎಫ್.ಎ. 1 ಅಂಕಗಳನ್ನು ಈ ಸಲ ಬೇರೆ ಬೇರೆ ಹಾಳೆಯಲ್ಲಿ ಬರೆದು ಕ್ಲಾಸ್ ಟೀಚರ್ ಕೈಗೆ ಕೊಡುವುದು ಬೇಡ. ಒಂದೇ ಗೂಗಲ್ ಶೀಟ್ ಇದೆ, ಅದರಲ್ಲಿ ಪ್ರತಿ ವಿಷಯಕ್ಕೆ ಒಂದು ಟ್ಯಾಬ್ ಇದೆ. ನಿಮ್ಮ ಟ್ಯಾಬ್ ನೀವು ತುಂಬಿ, ಒಟ್ಟು ಪಟ್ಟಿ ತಾನೇ ತಯಾರಾಗುತ್ತದೆ. ಕೂಡುವ, ಇಳಿಸುವ ಲೆಕ್ಕ ಯಾವುದೂ ನಿಮ್ಮ ತಲೆಗೆ ಬೇಡ. ನಿಮ್ಮಿಂದ ಬೇಕಾಗಿರುವುದು ಒಂದೇ: ಸರಿಯಾದ ಅಂಕ ಸರಿಯಾದ ಮಗುವಿನ ಸಾಲಿನಲ್ಲಿ ಕೂರಬೇಕು. ಕೇಳಲು ಸುಲಭ, ಆದರೆ ಎಡವಟ್ಟು ಆಗುವುದು ಇಲ್ಲೇ. ಅದಕ್ಕೇ ಈ ಟಿಪ್ಪಣಿಯಲ್ಲಿ ಅದರ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ.

ಉದಾಹರಣೆಗೆ 9ನೇ ಬಿ ವಿಭಾಗದ ಗಣಿತದ ಟ್ಯಾಬ್ ತೆಗೆದುಕೊಳ್ಳುತ್ತೇನೆ. 42 ಮಕ್ಕಳಿದ್ದಾರೆ ಅಂತಿಟ್ಟುಕೊಳ್ಳಿ.

ಮೊದಲು ಸರಿಯಾದ ಫೈಲ್ ತೆರೆದಿದ್ದೀರಾ ನೋಡಿ

ವಾಟ್ಸಾಪ್ ಗುಂಪಿನಲ್ಲಿ ಕಳಿಸಿದ ಲಿಂಕ್ ಒತ್ತಿದಾಗ, ನಾನು ಅನುಮತಿ ಕೊಟ್ಟಿರುವ ಜಿಮೇಲ್ ಖಾತೆಯಲ್ಲೇ ಅದು ತೆರೆಯಬೇಕು. ಫೋನಿನಲ್ಲಿ ಮಕ್ಕಳದ್ದೋ ಮನೆಯವರದ್ದೋ ಖಾತೆ ಇದ್ದರೆ ಶೀಟ್ ತೆರೆಯುವುದೇ ಇಲ್ಲ, ಇಲ್ಲವೇ `View only` ಎಂದು ತೋರಿಸುತ್ತದೆ. ಆಗ ಬಲಗಡೆ ಮೇಲಿರುವ ಗುಂಡು ಚಿತ್ರ ಒತ್ತಿ ಖಾತೆ ಬದಲಾಯಿಸಿ. ಆದರೂ ಆಗದಿದ್ದರೆ ನನಗೆ ಹೇಳಿ.

ಫೈಲಿನ ಹೆಸರನ್ನೂ ಒಮ್ಮೆ ಓದಿ. ಹೆಸರಿನ ಮುಂದೆ `Copy of` ಎಂದಿದ್ದರೆ, ಅಥವಾ ಪಕ್ಕದಲ್ಲಿ `.XLSX` ಎಂದು ಕಂಡರೆ, ನೀವು ನಿಮ್ಮದೇ ಪ್ರತಿಯಲ್ಲಿ ಕೂತಿದ್ದೀರಿ. ಅಲ್ಲಿ ಎಷ್ಟು ತುಂಬಿದರೂ ನಮ್ಮ ಶೀಟಿಗೆ ಬರುವುದಿಲ್ಲ. ದಯವಿಟ್ಟು ಡೌನ್‌ಲೋಡ್ ಮಾಡಿ, ತುಂಬಿ, ಮತ್ತೆ ವಾಟ್ಸಾಪ್ ಮಾಡಬೇಡಿ. ಯಾವುದು ಕೊನೆಯ ಪ್ರತಿ ಅಂತ ಹುಡುಕುವಷ್ಟರಲ್ಲಿ ಎಫ್.ಎ. 2 ಬಂದಿರುತ್ತದೆ.

ಕೆಳಗಡೆ ಟ್ಯಾಬ್‌ಗಳ ಸಾಲು ಇದೆ. ಗಣಿತದವರಿಗೆ `9B_MAT`, ಕನ್ನಡದವರಿಗೆ `9B_KAN`, ಹೀಗೆ. ಎ ವಿಭಾಗಕ್ಕೂ ಬಿ ವಿಭಾಗಕ್ಕೂ ಪಾಠ ಮಾಡುವವರು ಟ್ಯಾಬಿನ ಹೆಸರನ್ನು ಎರಡು ಸಲ ನೋಡಿ. ಎರಡೂ ನೋಡಲು ಒಂದೇ ಥರ ಇವೆ.

ಯಾವ ಕಾಲಂ ಯಾರದ್ದು

ಎ ಕಾಲಂನಲ್ಲಿ ಕ್ರಮ ಸಂಖ್ಯೆ, ಬಿ ಕಾಲಂನಲ್ಲಿ ಸ್ಯಾಟ್ಸ್ ಸಂಖ್ಯೆ, ಸಿ ಕಾಲಂನಲ್ಲಿ ಹೆಸರು. ಈ ಮೂರನ್ನು ಮುಟ್ಟುವಂತಿಲ್ಲ, ಲಾಕ್ ಆಗಿವೆ. ಡಿ ಮತ್ತು ಇ ಕಾಲಂಗಳು ಎರಡು ಚಟುವಟಿಕೆಗಳಿಗೆ, ತಲಾ 15 ಅಂಕ. ಎಫ್ ಕಾಲಂ ಕಿರು ಪರೀಕ್ಷೆಗೆ, 20 ಅಂಕ. ತಿಳಿ ಹಳದಿ ಬಣ್ಣದ ಈ ಮೂರು ಕಾಲಂ ಮಾತ್ರ ನಿಮ್ಮದು. ಜಿ ಕಾಲಂನಲ್ಲಿ 50ಕ್ಕೆ ಒಟ್ಟು ಅಂಕ ತಾನಾಗಿ ಬರುತ್ತದೆ, ಅದೂ ಲಾಕ್ ಆಗಿದೆ.

ಮಕ್ಕಳ ಹೆಸರು 5ನೇ ಸಾಲಿನಿಂದ ಶುರುವಾಗುತ್ತವೆ. ಹಾಗಾಗಿ ಕ್ರಮ ಸಂಖ್ಯೆ 1 ಇರುವುದು ಶೀಟಿನ 5ನೇ ಸಾಲಿನಲ್ಲಿ, ಕ್ರಮ ಸಂಖ್ಯೆ 42 ಇರುವುದು 46ನೇ ಸಾಲಿನಲ್ಲಿ. ಎಡ ಅಂಚಿನಲ್ಲಿ ಶೀಟ್ ತೋರಿಸುವ ಬೂದು ಸಂಖ್ಯೆಯನ್ನು ಕ್ರಮ ಸಂಖ್ಯೆ ಅಂದುಕೊಳ್ಳಬೇಡಿ. ಎರಡರ ನಡುವೆ ಯಾವಾಗಲೂ ನಾಲ್ಕರ ವ್ಯತ್ಯಾಸ ಇರುತ್ತದೆ.

ಹೆಸರಿಗಿಂತ ಸ್ಯಾಟ್ಸ್ ಸಂಖ್ಯೆ ಮುಖ್ಯ. ಒಟ್ಟು ಪಟ್ಟಿ ಮಗುವನ್ನು ಹುಡುಕುವುದು ಅದರಿಂದಲೇ. ಒಂದೇ ತರಗತಿಯಲ್ಲಿ ಇಬ್ಬರು ಮಂಜುನಾಥ, ಇಬ್ಬರು ಐಶ್ವರ್ಯ ಇರುವುದು ನಮಗೇನು ಹೊಸದಲ್ಲ, ಅಲ್ವಾ? ಇನಿಷಿಯಲ್ ಕೂಡ ಒಂದೇ ಆದರೆ ಅವರನ್ನು ಬೇರೆ ಮಾಡುವುದು ಆ ಸಂಖ್ಯೆ ಮಾತ್ರ.

ಅಂಕ ಹಾಕುವ ಮೊದಲು ಗೈರು ಹಾಕಿ

ಇಡೀ ಟಿಪ್ಪಣಿಯಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಹಾಜರಿ ಪುಸ್ತಕ ಪಕ್ಕದಲ್ಲಿಟ್ಟುಕೊಳ್ಳಿ. ಪರೀಕ್ಷೆಯ ದಿನ ಯಾರು ಬಂದಿರಲಿಲ್ಲ ನೋಡಿ, ಅವರ ಸಾಲಿನಲ್ಲಿ ಮೊದಲು `AB` ಎಂದು ಟೈಪ್ ಮಾಡಿ. ಆಮೇಲೆ ಉತ್ತರ ಪತ್ರಿಕೆಯ ಕಟ್ಟು ಬಿಚ್ಚಿ.

ಯಾಕೆ ಅಂತ ಹೇಳುತ್ತೇನೆ. ಬಿ ವಿಭಾಗದಲ್ಲಿ ಕಿರು ಪರೀಕ್ಷೆಯ ದಿನ ಕ್ರಮ ಸಂಖ್ಯೆ 14 ಮತ್ತು 31 ಗೈರು ಅಂತಿಟ್ಟುಕೊಳ್ಳಿ. ನಿಮ್ಮ ಕೈಯಲ್ಲಿ 40 ಪತ್ರಿಕೆಗಳಿವೆ, ಕ್ರಮವಾಗಿ ಜೋಡಿಸಿದ್ದೀರಿ. ಎಫ್ ಕಾಲಂನಲ್ಲಿ ಅಂಕ ಒತ್ತಿ ಎಂಟರ್, ಮತ್ತೆ ಅಂಕ, ಮತ್ತೆ ಎಂಟರ್. ಕೈ ಓಡುತ್ತಿದೆ. 13ರ ನಂತರ ಕಟ್ಟಿನಲ್ಲಿ ಸಿಗುವುದು 15ರ ಪತ್ರಿಕೆ. ಅದರ ಅಂಕ 14ರ ಸಾಲಿಗೆ ಹೋಗುತ್ತದೆ. ಅಲ್ಲಿಂದ ಮುಂದೆ ಎಲ್ಲರದ್ದೂ ಒಂದೊಂದು ಸಾಲು ಮೇಲೆ. 31ರ ಜಾಗ ದಾಟಿದ ಮೇಲೆ ಎರಡೆರಡು ಸಾಲು ಮೇಲೆ.

ಕಟ್ಟು ಮುಗಿದಾಗ 41 ಮತ್ತು 42ರ ಸಾಲು ಖಾಲಿ ಉಳಿದಿರುತ್ತವೆ. ಅವತ್ತು ಇಬ್ಬರು ಬಂದಿರಲಿಲ್ಲ ಎಂಬುದು ನೆನಪಿರುತ್ತದೆ. ಓಹೋ, ಇವರೇ ಇರಬೇಕು ಅಂತ ಎರಡೂ ಕಡೆ `AB` ಹಾಕಿ ಮುಗಿಸುತ್ತೇವೆ.

ಈಗ ಶೀಟಿನ ಲೆಕ್ಕ ನೋಡಿ. ಖಾಲಿ ಸೆಲ್ ಸೊನ್ನೆ. ಗೈರು ಎರಡು. ಅಂಕಗಳ ಮೊತ್ತ ಪತ್ರಿಕೆಗಳ ಮೊತ್ತಕ್ಕೆ ಸರಿಯಾಗಿ ಹೊಂದುತ್ತದೆ. ತರಗತಿಯ ಸರಾಸರಿಯೂ ಸರಿ. ಯಾವ ಕೆಂಪು ಗುರುತೂ ಬರುವುದಿಲ್ಲ. ಆದರೆ 14ರಿಂದ 40ರವರೆಗೆ 27 ಮಕ್ಕಳ ಸಾಲಿನಲ್ಲಿ ಬೇರೆಯವರ ಅಂಕ ಕೂತಿದೆ. ಶಾಲೆಗೆ ಬಂದು ಪರೀಕ್ಷೆ ಬರೆದ ಇಬ್ಬರು ಮಕ್ಕಳು ಗೈರು, ಬರದೇ ಇದ್ದವರಿಗೆ ಅಂಕ. ಪೋಷಕರ ಸಭೆಯಲ್ಲಿ ಯಾರಾದರೂ ಪತ್ರಿಕೆ ಹಿಡಿದು ಕೇಳುವ ತನಕ ಇದು ಗೊತ್ತೇ ಆಗುವುದಿಲ್ಲ.

`AB` ಮೊದಲೇ ಹಾಕಿದ್ದರೆ 14ರ ಸಾಲಿಗೆ ಬಂದಾಗ ಅದು ಕಣ್ಣಿಗೆ ಹೊಡೆಯುತ್ತದೆ, ಕೈ ತಾನಾಗಿ ನಿಲ್ಲುತ್ತದೆ. ಮರೆತು ಅದರ ಮೇಲೇ ಅಂಕ ಒತ್ತಿದರೂ ಮೇಲಿನ ಗೈರು ಲೆಕ್ಕ ಎರಡರಿಂದ ಒಂದಕ್ಕೆ ಇಳಿಯುತ್ತದೆ.

ಅಂಕ ತುಂಬುವಾಗ

ಕಾಲಂ ಪ್ರಕಾರ ಮೇಲಿನಿಂದ ಕೆಳಗೆ ಬನ್ನಿ. ಒಂದು ಮಗುವಿನ ಮೂರೂ ಅಂಕ ಹಾಕಿ ಮುಂದಿನ ಮಗುವಿಗೆ ಹೋಗುವುದು ನಿಧಾನ, ಬೇಸರ ಕೂಡ. ಇಬ್ಬರಿದ್ದರೆ ಇನ್ನೂ ಒಳ್ಳೆಯದು. ಒಬ್ಬರು ಓದಬೇಕು, ಒಬ್ಬರು ಟೈಪ್ ಮಾಡಬೇಕು. ಓದುವವರು ಬರೀ ಅಂಕ ಓದಬಾರದು. "ಹದಿನೈದು, ಹನ್ನೊಂದು" ಅಂದರೆ ಯಾವುದು ಕ್ರಮ ಸಂಖ್ಯೆ, ಯಾವುದು ಅಂಕ ಅಂತ ಗೊಂದಲ ಆಗುತ್ತದೆ. "ನಂಬರ್ ಹದಿನೈದು, ಅಂಕ ಹನ್ನೊಂದು" ಅಂತ ಓದಲಿ. ಟೈಪ್ ಮಾಡುವವರು ಹತ್ತು ಮಕ್ಕಳಿಗೊಮ್ಮೆ ಹೆಸರು ಹೇಳಿ ತಾಳೆ ನೋಡಲಿ.

ಸೆಲ್ಲಿನಲ್ಲಿ ಬರೀ ಅಂಕ ಇರಲಿ. ಪತ್ರಿಕೆಯ ಮೇಲೆ ಬರೆಯುವ ಅಭ್ಯಾಸದಲ್ಲಿ 7/10 ಎಂದು ಒತ್ತಿದರೆ ಶೀಟ್ ಅದನ್ನು ತಾರೀಖು ಅಂತ ತಿಳಿಯುತ್ತದೆ. ಶೀಟಿಗೆ ತಾರೀಖು ಅಂದರೆ ಒಳಗೆ ನಲವತ್ತು ಸಾವಿರಕ್ಕೂ ದೊಡ್ಡ ಒಂದು ಸಂಖ್ಯೆ. ಅದನ್ನು ಕೂಡಿದರೆ ಒಟ್ಟು ಅಂಕ ಏನಾಗಬಹುದು ಊಹಿಸಿ. ಚಟುವಟಿಕೆಯನ್ನು ಹತ್ತಕ್ಕೆ ಮೌಲ್ಯಮಾಪನ ಮಾಡಿದ್ದರೆ ಮೊದಲು ಹದಿನೈದಕ್ಕೆ ಬದಲಾಯಿಸಿಕೊಂಡು ಹಾಕಿ. ಅಂಕಿಗಳನ್ನು 1, 2, 3 ಎಂದೇ ಒತ್ತಿ, ಕನ್ನಡ ಅಂಕಿ ಬೇಡ.

ಇಂಥವನ್ನು ತಡೆಯಲು ಹಳದಿ ಸೆಲ್‌ಗಳಲ್ಲಿ ಒಂದು ನಿಯಮ ಇಟ್ಟಿದ್ದೇನೆ. ಡಿ ಕಾಲಂನದ್ದು ಹೀಗಿದೆ:

```
=OR(D5="AB",D5="TC",AND(ISNUMBER(D5),D5>=0,D5<=15))
```

ಅಂದರೆ 0ಯಿಂದ 15ರ ಒಳಗಿನ ಸಂಖ್ಯೆ, `AB`, `TC` ಇವಿಷ್ಟನ್ನೇ ಸೆಲ್ ಒಪ್ಪುತ್ತದೆ. 51 ಎಂದು ಒತ್ತಿದರೆ ತಿರಸ್ಕರಿಸುತ್ತದೆ. ಗೈರು, ಆಬ್ಸೆಂಟ್, ಅಡ್ಡಗೆರೆ ಯಾವುದೂ ನಡೆಯುವುದಿಲ್ಲ. ಸಣ್ಣ ಅಕ್ಷರದ `ab` ಆದರೆ ಪರವಾಗಿಲ್ಲ. ಆದರೆ 15ರ ಬದಲು 5 ಒತ್ತಿದರೆ ಶೀಟಿಗೆ ಗೊತ್ತಾಗುವುದಿಲ್ಲ, ಅದು ನಿಮಗೇ ಗೊತ್ತಾಗಬೇಕು.

ಪೇಸ್ಟ್ ಮಾಡುವವರು ಒಂದು ವಿಷಯ ಗಮನಿಸಿ. ನಿಮ್ಮ ಸ್ವಂತ ಎಕ್ಸೆಲ್ ಫೈಲಿನಿಂದ ಅಂಕ ತಂದು `Ctrl+V` ಒತ್ತಿದರೆ ಬಣ್ಣ, ಅಕ್ಷರದ ಗಾತ್ರ ಎಲ್ಲ ಜೊತೆಗೆ ಬರುತ್ತವೆ, ಮೇಲಿನ ನಿಯಮ ಅಳಿಸಿಹೋಗುವ ಸಾಧ್ಯತೆಯೂ ಇದೆ. `Ctrl+Shift+V` ಒತ್ತಿ, ಆಗ ಅಂಕ ಮಾತ್ರ ಬರುತ್ತದೆ. ಪೇಸ್ಟ್ ಆದ ಮೇಲೆ ಅಂಕಗಳು ಸೆಲ್ಲಿನ ಬಲ ಅಂಚಿಗೆ ನಿಂತಿವೆಯಾ ನೋಡಿ. ಎಡ ಅಂಚಿಗೆ ಅಂಟಿಕೊಂಡಿದ್ದರೆ ಶೀಟ್ ಅದನ್ನು ಸಂಖ್ಯೆ ಅಂತ ಪರಿಗಣಿಸಿಲ್ಲ, ಮೊತ್ತಕ್ಕೂ ಸೇರಿಸಿಕೊಳ್ಳುವುದಿಲ್ಲ. ಆ ಸೆಲ್ ಅಳಿಸಿ ಕೈಯಿಂದ ಒತ್ತಿ.

ಸೊನ್ನೆ ಬೇರೆ, ಗೈರು ಬೇರೆ, ಖಾಲಿ ಬೇರೆ

ಬಂದು ಬರೆದು ಏನೂ ಬಾರದೇ ಹೋದ ಮಗುವಿಗೆ 0. ಬಾರದೇ ಇದ್ದ ಮಗುವಿಗೆ `AB`. ನೀವಿನ್ನೂ ಅಂಕ ಹಾಕಿಲ್ಲ ಅಂದರೆ ಖಾಲಿ. ಸುಮ್ನೆ ಖಾಲಿ ಬಿಟ್ಟರೆ ಗೈರೋ, ಮರೆತದ್ದೋ ನನಗೆ ತಿಳಿಯುವುದಿಲ್ಲ.

ಗೈರಾದವರಿಗೆ ಸೊನ್ನೆ ಹಾಕಿದರೆ ಸರಾಸರಿ ಕೆಡುತ್ತದೆ. ನಾಲ್ಕು ಮಕ್ಕಳಲ್ಲಿ ಮೂವರಿಗೆ 16, 12, 18 ಬಂದು ಒಬ್ಬರು ಗೈರು ಅನ್ನಿ. `AB` ಹಾಕಿದರೆ 46ನ್ನು ಮೂರರಿಂದ ಭಾಗಿಸಿ ಸರಾಸರಿ 15.33 ಬರುತ್ತದೆ. ಸೊನ್ನೆ ಹಾಕಿದರೆ ನಾಲ್ಕರಿಂದ ಭಾಗಿಸಿ 11.5. ಜೊತೆಗೆ ಆ ಮಗುವಿಗೆ ಮರುಪರೀಕ್ಷೆ ಕೊಡಬೇಕು ಎಂಬುದೂ ಮರೆತುಹೋಗುತ್ತದೆ, ಸೊನ್ನೆ ನೋಡಿದವರು ಬರೆದಿದ್ದಾನೆ ಅಂತಲೇ ತಿಳಿಯುತ್ತಾರೆ. ಮರುಪರೀಕ್ಷೆ ಆದ ಮೇಲೆ `AB` ಅಳಿಸಿ ಅಂಕ ಹಾಕಿದರೆ ಸಾಕು.

ಜಿ ಕಾಲಂನ ಸೂತ್ರವೂ ಇದನ್ನೇ ನಂಬಿಕೊಂಡಿದೆ:

```
=IF(COUNTBLANK(D5:F5)>0,"",IF(COUNT(D5:F5)=0,F5,SUM(D5:F5)))
```

ಮೂರರಲ್ಲಿ ಒಂದು ಸೆಲ್ ಖಾಲಿ ಇದ್ದರೂ ಒಟ್ಟು ಅಂಕ ಕಾಣಿಸುವುದಿಲ್ಲ. ಒಟ್ಟು ಬರ್ತಿಲ್ಲ, ಶೀಟ್ ಹಾಳಾಗಿದೆ ಅಂತ ಫೋನ್ ಮಾಡುವ ಮೊದಲು ಆ ಸಾಲಿನಲ್ಲಿ ಖಾಲಿ ಯಾವುದು ನೋಡಿ. ಮೂರೂ ಕಡೆ `AB` ಇದ್ದರೆ ಒಟ್ಟಿನಲ್ಲೂ `AB` ಬರುತ್ತದೆ.

ಟಿ.ಸಿ. ತೆಗೆದುಕೊಂಡು ಹೋದ ಮಗುವಿನ ಸಾಲನ್ನು ಅಳಿಸಬೇಡಿ, ಮೂರೂ ಸೆಲ್‌ಗಳಲ್ಲಿ `TC` ಹಾಕಿ. ಹೊಸದಾಗಿ ಸೇರಿದ ಮಗುವಿಗೆ ನಡುವೆ ಸಾಲು ಸೇರಿಸಬೇಡಿ. ನನಗೆ ಹೇಳಿದರೆ ಎಲ್ಲ ಟ್ಯಾಬ್‌ಗಳಲ್ಲೂ ಕೊನೆಗೆ ಸೇರಿಸುತ್ತೇನೆ.

ಎಫ್.ಎ. ಅಂಕಗಳನ್ನು ಇಳಿಸುವ ಲೆಕ್ಕ ವರ್ಷದ ಕೊನೆಯಲ್ಲಿ ಶೀಟೇ ಮಾಡುತ್ತದೆ. ನಾಲ್ಕು ಎಫ್.ಎ. ಸೇರಿ 200, ಅದನ್ನು 20ಕ್ಕೆ ಇಳಿಸಬೇಕು, ಪ್ರಥಮ ಭಾಷೆಗಾದರೆ 25ಕ್ಕೆ. ಒಂದು ಮಗುವಿಗೆ 38, 41, 35, 44 ಬಂದಿದ್ದರೆ ಒಟ್ಟು 158. 20ಕ್ಕೆ 15.8, ಅಂದರೆ 16. 25ಕ್ಕೆ 19.75, ಅಂದರೆ 20. ಇದನ್ನು ಈಗಲೇ ಇಳಿಸಿ ಹಾಕಬೇಡಿ. ಪ್ರತಿ ಸಲ ಇಳಿಸಿ ಪೂರ್ಣಾಂಕ ಮಾಡುತ್ತಾ ಹೋದರೆ ಇದೇ ಮಗುವಿಗೆ ತಲಾ ಐದಕ್ಕೆ 3.8, 4.1, 3.5, 4.4 ಎಂಬುದು 4, 4, 4, 4 ಆಗುತ್ತದೆ. ಮೊತ್ತ ಇಲ್ಲಿ 16 ಬಂತು ನಿಜ, ಆದರೆ 36, 36, 36, 36 ಬಂದ ಮಗುವಿಗೂ ಅದೇ 16 ಸಿಗುತ್ತದೆ. ಅದರ ನಿಜವಾದ ಲೆಕ್ಕ 14.4.

ವಿಂಗಡಿಸುವ ಆಸೆ ಬಂದಾಗ

ಅಂಕ ತುಂಬಿದ ಮೇಲೆ ಯಾರಿಗೆ ಜಾಸ್ತಿ ಬಂದಿದೆ ನೋಡುವ ಅಂತ ಎಲ್ಲರಿಗೂ ಅನ್ನಿಸುತ್ತದೆ. ಎಫ್ ಕಾಲಂ ಒಂದನ್ನೇ ಆರಿಸಿ `Sort range` ಒತ್ತಿದರೆ ಅಂಕಗಳು ಮೇಲೆ ಕೆಳಗೆ ಆಗುತ್ತವೆ, ಹೆಸರುಗಳು ಇದ್ದಲ್ಲೇ ಇರುತ್ತವೆ. ಅದೂ ನಿಮ್ಮ ಪರದೆಯಲ್ಲಿ ಮಾತ್ರವಲ್ಲ, ಶೀಟ್ ತೆರೆದ ಎಲ್ಲರಿಗೂ. ಹಾಗೆ ನೋಡಲೇಬೇಕಿದ್ದರೆ ಕಂಪ್ಯೂಟರಿನಲ್ಲಿ `Data` ಮೆನುವಿನಿಂದ ಫಿಲ್ಟರ್ ವ್ಯೂ ಮಾಡಿಕೊಳ್ಳಿ. ಅದರಲ್ಲಿ ವಿಂಗಡಿಸಿದ್ದು ನಿಮಗೆ ಮಾತ್ರ ಕಾಣುತ್ತದೆ. ಆದರೆ ಆ ನೋಟದಲ್ಲಿ ಇದ್ದಾಗ ಅಂಕ ತುಂಬಬೇಡಿ, ಕ್ರಮ ಸಂಖ್ಯೆ ಹಿಂದುಮುಂದು ಇರುತ್ತದೆ.

ತಪ್ಪಿ ಒತ್ತಿಬಿಟ್ಟರೆ ತಕ್ಷಣ `Ctrl+Z`. ಅದು ನೀವು ಮಾಡಿದ್ದನ್ನು ಮಾತ್ರ ಹಿಂದೆಗೆಯುತ್ತದೆ, ಪಕ್ಕದ ಟ್ಯಾಬಿನಲ್ಲಿ ವಿಜ್ಞಾನದ ಮೇಡಂ ತುಂಬುತ್ತಿರುವುದಕ್ಕೆ ಏನೂ ಆಗುವುದಿಲ್ಲ. ಶೀಟ್ ಮುಚ್ಚಿದ ಮೇಲೆ ನೆನಪಾದರೆ `Version history` ತೆರೆದು ಹಳೆಯದನ್ನು ನೋಡಬಹುದು. ನೋಡಿ ಅಷ್ಟೇ, `Restore` ಒತ್ತಬೇಡಿ. ಅದು ಇಡೀ ಫೈಲನ್ನು ಹಿಂದಕ್ಕೆ ಒಯ್ಯುತ್ತದೆ, ಆಮೇಲೆ ಉಳಿದವರು ತುಂಬಿದ್ದೂ ಹೋಗುತ್ತದೆ. ಒಂದು ಸೆಲ್ ಬಗ್ಗೆ ಮಾತ್ರ ಅನುಮಾನ ಇದ್ದರೆ ಅದರ ಮೇಲೆ ಬಲ ಕ್ಲಿಕ್ ಮಾಡಿ `Show edit history` ಒತ್ತಿ. ಯಾರು, ಯಾವಾಗ, ಎಷ್ಟರಿಂದ ಎಷ್ಟಕ್ಕೆ ಬದಲಾಯಿಸಿದರು ಎಂದು ತೋರಿಸುತ್ತದೆ.

ಮುಗಿದ ಮೇಲೆ ತಾಳೆ ನೋಡುವುದು

ಪ್ರತಿ ಹಳದಿ ಕಾಲಂ ಮೇಲೆ ಮೂರು ಚಿಕ್ಕ ಲೆಕ್ಕಗಳಿವೆ: ಖಾಲಿ ಎಷ್ಟು, ಗೈರು ಎಷ್ಟು, ಮೊತ್ತ ಎಷ್ಟು.

```
=COUNTBLANK(F5:F46)
=COUNTIF(F5:F46,"AB")
=SUM(F5:F46)
```

ಖಾಲಿ ಸೊನ್ನೆ ಆಗಿರಬೇಕು. ಗೈರು ಹಾಜರಿ ಪುಸ್ತಕಕ್ಕೆ ಹೊಂದಬೇಕು. ಮೊತ್ತ ನಿಮ್ಮ ಅಂಕವಹಿಯ ಮೊತ್ತಕ್ಕೆ ಹೊಂದಬೇಕು. ಆದರೆ ಸಾಲು ತಪ್ಪಿದಾಗಲೂ ಈ ಮೂರೂ ಸರಿಯೇ ಬರುತ್ತವೆ ಎಂದು ಮೇಲೆ ನೋಡಿದೆವಲ್ಲ? ಅದಕ್ಕೇ ಇನ್ನೆರಡು ಕೆಲಸ ಕಣ್ಣಿನಿಂದಲೇ ಆಗಬೇಕು. ಒಂದು, `AB` ಎಷ್ಟಿವೆ ಅಂತ ಅಷ್ಟೇ ಅಲ್ಲ, ಯಾವ ಕ್ರಮ ಸಂಖ್ಯೆಗಳ ಮುಂದೆ ಇವೆ ಅಂತ ಹಾಜರಿ ಪುಸ್ತಕದ ಜೊತೆ ಸೇರಿಸಿ ನೋಡಿ. ಎರಡು, ಕಟ್ಟನ್ನು ತಿರುಗಿಸಿ ಕೊನೆಯಿಂದ ನಾಲ್ಕೈದು ಪತ್ರಿಕೆ ತೆಗೆದು ಶೀಟಿನ ಜೊತೆ ಹೋಲಿಸಿ. ಸಾಲು ಜಾರಿದ್ದರೆ ಅದು ಕೊನೆಯಲ್ಲಿ ಖಂಡಿತ ಕಾಣುತ್ತದೆ. ಮೊದಲಿನ ಹತ್ತು ಪತ್ರಿಕೆ ನೋಡಿ ಸರಿ ಇದೆ ಅನ್ನುವುದರಿಂದ ಏನೂ ಪ್ರಯೋಜನವಿಲ್ಲ.

ಜಾರಿದ್ದು ಸಿಕ್ಕಿದರೆ ಎಲ್ಲ ಅಳಿಸಿ ಮತ್ತೆ ತುಂಬಬೇಕಿಲ್ಲ. ಮೇಲಿನ ಉದಾಹರಣೆಯನ್ನೇ ಸರಿಮಾಡೋಣ. ಕೆಳಗಿನ ಭಾಗದಿಂದ ಶುರುಮಾಡಬೇಕು, ಇಲ್ಲದಿದ್ದರೆ ಒಳ್ಳೆಯ ಅಂಕದ ಮೇಲೆ ಬೇರೆಯದು ಕೂತುಬಿಡುತ್ತದೆ. `F34:F44` ಆರಿಸಿ, ಕಾಪಿ ಮಾಡಿ, `F36` ಮೇಲೆ `Ctrl+Shift+V` ಒತ್ತಿ. 32ರಿಂದ 42ರವರೆಗಿನ ಮಕ್ಕಳ ಅಂಕ ಅವರವರ ಸಾಲಿಗೆ ಬಂತು. ಈಗ `F18:F33` ಕಾಪಿ ಮಾಡಿ `F19` ಮೇಲೆ ಅದೇ ರೀತಿ ಹಾಕಿ. 15ರಿಂದ 30ರವರೆಗಿನವರದ್ದೂ ಸರಿಯಾಯಿತು. ಉಳಿದದ್ದು ಎರಡು ಸೆಲ್: 14ರದ್ದು `F18`, 31ರದ್ದು `F35`. ಎರಡರಲ್ಲೂ `AB` ಹಾಕಿ. `Ctrl+X` ಮಾತ್ರ ಬಳಸಬೇಡಿ. ಸೆಲ್ ಕತ್ತರಿಸಿ ಬೇರೆ ಕಡೆ ಇಟ್ಟರೆ ಒಟ್ಟು ಅಂಕದ ಸೂತ್ರವೂ ಅದರ ಹಿಂದೆ ಹೋಗುತ್ತದೆ.

ಫೋನಿನಲ್ಲಿ ತುಂಬುವವರಿಗೆ

ಫೋನನ್ನು ಅಡ್ಡ ಹಿಡಿಯಿರಿ, ಆಗ ಹೆಸರೂ ಎಫ್ ಕಾಲಂ ಕೂಡ ಒಟ್ಟಿಗೆ ಕಾಣುತ್ತವೆ. ಗೂಗಲ್ ಶೀಟ್ಸ್ ಆಪ್‌ನಲ್ಲೇ ತೆರೆಯಿರಿ. ಊರಿನಲ್ಲಿ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತಿದ್ದರೆ, ನೆಟ್ ಇರುವಾಗಲೇ ಫೈಲಿನ ಮೂರು ಚುಕ್ಕೆ ಒತ್ತಿ `Available offline` ಹಾಕಿಕೊಳ್ಳಿ. ನೆಟ್ ಇಲ್ಲದಾಗ ತುಂಬಿದ್ದು ಫೋನಿನಲ್ಲೇ ಇರುತ್ತದೆ, ನೆಟ್ ಬಂದಾಗ ಆಪ್ ತೆರೆದಿಟ್ಟರೆ ಮೇಲೆ ಹೋಗುತ್ತದೆ. ಹೋಗಿದೆಯಾ ಅಂತ ತಿಳಿಯಲು ಸುಲಭ ದಾರಿ: ಸ್ಟಾಫ್ ರೂಮಿನಲ್ಲಿ ಇರುವ ಯಾರಿಗಾದರೂ ನಿಮ್ಮ ಟ್ಯಾಬಿನ 42ನೇ ಮಗುವಿನ ಅಂಕ ಓದಲು ಹೇಳಿ.

ಎಲ್ಲ ಆದ ಮೇಲೆ ಟ್ಯಾಬಿನ ಮೇಲ್ಗಡೆ ಹಸಿರು ಸೆಲ್ಲಿನಲ್ಲಿ ನಿಮ್ಮ ಇನಿಷಿಯಲ್ ಮತ್ತು ತಾರೀಖು ಹಾಕಿ. ಅದು ಕಂಡ ಮೇಲೆಯೇ ನಾನು ಆ ಟ್ಯಾಬ್ ಲಾಕ್ ಮಾಡಿ ಮುಖ್ಯ ಶಿಕ್ಷಕರಿಗೆ ಒಟ್ಟು ಪಟ್ಟಿ ಕೊಡುತ್ತೇನೆ. ಲಾಕ್ ಆದ ನಂತರ ಬದಲಾವಣೆ ಬೇಕಿದ್ದರೆ ಆ ಸೆಲ್ ಮೇಲೆ ಕಾಮೆಂಟ್ ಬರೆಯಿರಿ: ಹಳೆಯ ಅಂಕ, ಹೊಸ ಅಂಕ, ಕಾರಣ. ಉತ್ತರ ಪತ್ರಿಕೆಯನ್ನೂ ಜೊತೆಗೆ ತನ್ನಿ, ಇಬ್ಬರೂ ನೋಡಿ ತೆರೆಯೋಣ.